ಇಡಿಟಿಎ ಟೈಟ್ರೇಶನ್‌ನಲ್ಲಿ ನೀರಿನ ಗಡಸುತನ: ಆ ನೀಲಿಯನ್ನು ಸರಿಯಾಗಿ ಹಿಡಿಯುವುದು ಹೇಗೆ

ಒಂದೇ ನೀರು, ಒಂದೇ ದ್ರಾವಣ, ಒಂದೇ ಬ್ಯೂರೆಟ್. ಮೂವರು ಬೇರೆ ಬೇರೆ ಮಾಡಿದರೆ ಒಬ್ಬರಿಗೆ 8.1 ಮಿಲಿ ಬರುತ್ತದೆ, ಇನ್ನೊಬ್ಬರಿಗೆ 8.6, ಮತ್ತೊಬ್ಬರಿಗೆ 9.2. ಲೆಕ್ಕ ಹಾಕಿ ನೋಡಿದರೆ ಗಡಸುತನ ಲೀಟರಿಗೆ 317 ಮಿಲಿಗ್ರಾಂನಿಂದ 360ರವರೆಗೂ ಹೋಗುತ್ತದೆ. ಅಳತೆ ಮಾಡುವ ಕೈಯಲ್ಲಿ ತಪ್ಪಿಲ್ಲ. ಕಣ್ಣು ಎಲ್ಲಿ ನಿಲ್ಲಿಸಿತು ಅನ್ನುವುದರಲ್ಲಿ ತಪ್ಪಿದೆ. ಒಬ್ಬರು ನೇರಳೆ ಕಂಡ ಕೂಡಲೇ ನಲ್ಲಿ ತಿರುಗಿಸಿದರು, ಇನ್ನೊಬ್ಬರು ನೀಲಿ ಆದ ಮೇಲೂ 'ಇನ್ನೂ ಸ್ವಲ್ಪ ಗಾಢ ಆಗುತ್ತೇನೋ' ಅಂತ ಬಿಡುತ್ತಾ ಹೋದರು.

ಹಾಗಾಗಿ ಇಲ್ಲಿ ಬಣ್ಣದ ಮಾತೇ ಜಾಸ್ತಿ. ದ್ರಾವಣ ಮಾಡುವ ವಿಧಾನವನ್ನೂ ಕೊಟ್ಟಿದ್ದೇನೆ, ಯಾಕೆಂದರೆ ಬಣ್ಣ ಕೈಕೊಡುವುದಕ್ಕೆ ಅರ್ಧ ಕಾರಣ ಅಲ್ಲೇ ಇರುತ್ತದೆ.

## ಮೊದಲು ಫ್ಲಾಸ್ಕಿನೊಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ನೀರಿನ ಗಡಸುತನ ಅಂದರೆ ಮುಖ್ಯವಾಗಿ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಅಂದರೆ ಇಬಿಟಿ ಎಂಬ ಸೂಚಕ, ಪಿಎಚ್ 10ರಲ್ಲಿ ಒಂಟಿಯಾಗಿದ್ದರೆ ನೀಲಿ. ಮೆಗ್ನೀಸಿಯಂ ಜೊತೆ ಸೇರಿದರೆ ವೈನ್ ಕೆಂಪು. ಇಡಿಟಿಎ ಬಿಡುತ್ತಾ ಹೋದಂತೆ ಅದು ಮೊದಲು ಬಿಡಿಯಾಗಿರುವ ಕ್ಯಾಲ್ಸಿಯಂ ಹಿಡಿಯುತ್ತದೆ, ಆಮೇಲೆ ಮೆಗ್ನೀಸಿಯಂ. ಕೊನೆಗೆ ಸೂಚಕದ ಕೈಯಲ್ಲಿರುವ ಮೆಗ್ನೀಸಿಯಂ ಅನ್ನೂ ಕಿತ್ತುಕೊಳ್ಳುತ್ತದೆ. ಆಗ ಸೂಚಕ ಒಂಟಿಯಾಗಿ ನೀಲಿಗೆ ಮರಳುತ್ತದೆ.

ನಡುವೆ ಕಾಣುವ ನೇರಳೆ ಬೇರೆ ಬಣ್ಣವೇನಲ್ಲ. ಅರ್ಧ ಸೂಚಕ ಕೆಂಪಾಗಿ, ಅರ್ಧ ನೀಲಿಯಾಗಿ ಇರುವ ಮಿಶ್ರಣ ಅದು. ಇದು ನೆನಪಿದ್ದರೆ ನೇರಳೆಯಲ್ಲಿ ನಿಲ್ಲಿಸುವ ಅಭ್ಯಾಸ ತಾನಾಗೇ ಬಿಟ್ಟುಹೋಗುತ್ತದೆ.

## 1. ದ್ರಾವಣಗಳು

ಇಡಿಟಿಎ, 0.01 ಮೋಲಾರ್. ಡೈಸೋಡಿಯಂ ಉಪ್ಪಿನ ಡೈಹೈಡ್ರೇಟ್ 3.723 ಗ್ರಾಂ ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 1 ಲೀಟರ್ ಮಾಡಿ. ಡಬ್ಬಿಯ ಮೇಲೆ 'ಡೈಸೋಡಿಯಂ' ಅಂತ ಇದೆಯೇ ನೋಡಿಕೊಳ್ಳಿ. ಇಡಿಟಿಎ ಆಮ್ಲದ ಡಬ್ಬಿ ತೆಗೆದರೆ ಅದು ನೀರಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಷ್ಟ. ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಡಿ, ಸಾಮಾನ್ಯ ಗಾಜಿನಿಂದ ಅದು ನಿಧಾನವಾಗಿ ಲೋಹದ ಅಯಾನುಗಳನ್ನು ಎಳೆದುಕೊಳ್ಳುತ್ತದೆ.

ಕ್ಯಾಲ್ಸಿಯಂ ಸ್ಟ್ಯಾಂಡರ್ಡ್. ಒಣಗಿಸಿದ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 1.000 ಗ್ರಾಂ ಫ್ಲಾಸ್ಕಿಗೆ ಹಾಕಿ. ಸಮಪಾಲು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ನೊರೆ ನಿಂತು ಪೂರ್ತಿ ಕರಗುವವರೆಗೆ ಕಾಯಿರಿ. ಸುಮಾರು 200 ಮಿಲಿ ನೀರು ಸೇರಿಸಿ ಕೆಲವು ನಿಮಿಷ ಕುದಿಸಿ, ಇಂಗಾಲದ ಡೈಆಕ್ಸೈಡ್ ಹೊರಹೋಗಲಿ. ಆರಿದ ಮೇಲೆ ಮೀಥೈಲ್ ರೆಡ್ ಎರಡು ಹನಿ ಹಾಕಿ, ದುರ್ಬಲ ಅಮೋನಿಯಾದಿಂದ ಕಿತ್ತಳೆ ಬಣ್ಣಕ್ಕೆ ತಂದು 1 ಲೀಟರ್ ಮಾಡಿ. ಇದರ 1 ಮಿಲಿಯಲ್ಲಿ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ.

ಬಫರ್. ಹೆಚ್ಚು ಜನ ಎಡವುವುದು ಇಲ್ಲಿ. ಅಮೋನಿಯಂ ಕ್ಲೋರೈಡ್ 16.9 ಗ್ರಾಂ ಅನ್ನು 143 ಮಿಲಿ ಗಾಢ ಅಮೋನಿಯಾದಲ್ಲಿ ಕರಗಿಸಿ. ಇನ್ನೊಂದು ಬೀಕರಿನಲ್ಲಿ 1.179 ಗ್ರಾಂ ಡೈಸೋಡಿಯಂ ಇಡಿಟಿಎ ಮತ್ತು 0.780 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ (ಏಳು ನೀರಿನ ಅಣು ಇರುವ ಉಪ್ಪು) ಎರಡನ್ನೂ 50 ಮಿಲಿ ನೀರಿನಲ್ಲಿ ಕರಗಿಸಿ ಇದಕ್ಕೆ ಸುರಿಯಿರಿ. ಒಟ್ಟು 250 ಮಿಲಿ ಮಾಡಿ. ಈ ಕೆಲಸವನ್ನು ಫ್ಯೂಮ್ ಹುಡ್‌ನಲ್ಲೇ ಮಾಡಿ, ಗಾಢ ಅಮೋನಿಯಾ ಕಣ್ಣು ಮೂಗು ಎರಡನ್ನೂ ಸುಡುತ್ತದೆ.

ಆ ಇಡಿಟಿಎ-ಮೆಗ್ನೀಸಿಯಂ ಜೋಡಿ ಯಾಕೆ ಬೇಕು ಅಂತ ಹಲವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಕ್ಯಾಲ್ಸಿಯಂ ಸೂಚಕವನ್ನು ಸಡಿಲವಾಗಿ ಮಾತ್ರ ಹಿಡಿಯುತ್ತದೆ. ಮೆಗ್ನೀಸಿಯಂ ಇಲ್ಲದ ನೀರಿನಲ್ಲಿ ಬಣ್ಣ ಬೇಗನೇ ಬದಲಾಗಲು ಶುರುವಾಗಿ, ಎಳೆದೂ ಎಳೆದೂ ನೀಲಿಯಾಗುತ್ತದೆ. ಬಫರಿನಲ್ಲಿ ಆ ಜೋಡಿ ಇದ್ದರೆ, ನೀರಿನ ಕ್ಯಾಲ್ಸಿಯಂ ಅದರಿಂದ ಸ್ವಲ್ಪ ಮೆಗ್ನೀಸಿಯಂ ಅನ್ನು ಹೊರಗೆ ತಳ್ಳುತ್ತದೆ. ಆ ಮೆಗ್ನೀಸಿಯಂ ಸೂಚಕವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಕೊನೆಗೆ ಬಣ್ಣ ಚಕ್ಕನೆ ತಿರುಗುತ್ತದೆ. ಎರಡೂ ಸಮಪ್ರಮಾಣದಲ್ಲಿರುವುದರಿಂದ ಲೆಕ್ಕ ಕೆಡುವುದಿಲ್ಲ. ಅದಕ್ಕೇ ಆ ಎರಡು ತೂಕದಲ್ಲಿ ಜಾಗ್ರತೆ ಬೇಕು.

ಬಫರನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಿ, ಒಂದು ತಿಂಗಳಾದ ಮೇಲೆ ಚೆಲ್ಲಿ. ಮುಚ್ಚಳ ತೆಗೆದಾಗಲೆಲ್ಲ ಅಮೋನಿಯಾ ಹೋಗುತ್ತಿರುತ್ತದೆ.

ಸೂಚಕ. ಇಬಿಟಿ 0.5 ಗ್ರಾಂ ಅನ್ನು 100 ಗ್ರಾಂ ಒಣ ಸೋಡಿಯಂ ಕ್ಲೋರೈಡ್ ಜೊತೆ ನುಣ್ಣಗೆ ಅರೆದು ಡಬ್ಬಿಯಲ್ಲಿಡಿ. ನೀರಲ್ಲಿ ಕರಗಿಸಿಟ್ಟರೆ ಕೆಲವೇ ದಿನಗಳಲ್ಲಿ ಕೆಡುತ್ತದೆ, ಪುಡಿಯಾಗಿದ್ದರೆ ತುಂಬಾ ದಿನ ಬರುತ್ತದೆ.

## 2. ಕಣ್ಣಿಗೆ ಜಾಗ ಸಿದ್ಧ ಮಾಡುವುದು

ಹಗಲು ಬೆಳಕಿರುವ ಕಿಟಕಿಯ ಹತ್ತಿರ ಕೂರಿ, ಇಲ್ಲವೇ ಹಗಲು ಬಿಳುಪಿನ ಟ್ಯೂಬ್‌ಲೈಟ್ ಹಾಕಿ. ಹಳದಿ ಬಲ್ಬಿನ ಕೆಳಗೆ ಪೂರ್ತಿ ನೀಲಿಯಾದ ದ್ರಾವಣದಲ್ಲೂ ಕೆಂಪು ಛಾಯೆ ಕಾಣುತ್ತದೆ. ಅದನ್ನು ಓಡಿಸಲು ಹನಿ ಬಿಡುತ್ತಲೇ ಇರುತ್ತೀರಿ, ಅದು ಹೋಗುವುದಿಲ್ಲ. ಸಂಜೆ ಮಾಡಿದ ರೀಡಿಂಗ್ ಬೆಳಿಗ್ಗೆಯದಕ್ಕಿಂತ ಯಾವಾಗಲೂ ಜಾಸ್ತಿ ಬರುತ್ತಿದ್ದರೆ ಮೊದಲು ದೀಪವನ್ನು ಅನುಮಾನಿಸಿ.

ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ ಅಥವಾ ಕಾಗದ ಇರಲಿ, ಹಿಂದೆಯೂ ಒಂದು ಬಿಳಿ ಹಾಳೆ ನಿಲ್ಲಿಸಿ. ಫೋನಿನಲ್ಲಿ ಫೋಟೋ ತೆಗೆದು ಬಣ್ಣ ತೀರ್ಮಾನಿಸಬೇಡಿ, ಕ್ಯಾಮೆರಾ ತನಗೆ ತೋಚಿದಂತೆ ಬಿಳುಪನ್ನು ಸರಿಮಾಡಿಕೊಳ್ಳುತ್ತದೆ. ಕೆಂಪು-ನೀಲಿ-ನೇರಳೆ ಬೇರೆ ಮಾಡಿ ನೋಡಲು ಕಷ್ಟ ಇರುವವರು ಇನ್ನೊಬ್ಬರ ಕಣ್ಣಿನ ಸಹಾಯ ತೆಗೆದುಕೊಳ್ಳುವುದೇ ಒಳ್ಳೆಯದು.

ಇನ್ನು ಎರಡು ಸಾಕ್ಷಿ ಫ್ಲಾಸ್ಕ್. ಇದನ್ನು ನಾನು ಯಾರಿಗೇ ಕಲಿಸಿದರೂ ಬಿಡುವುದಿಲ್ಲ. ಒಂದರಲ್ಲಿ ಅದೇ ಮಾದರಿ ನೀರು, ಬಫರ್, ಸೂಚಕ ಮಾತ್ರ, ಅದು ಕೆಂಪು. ಇನ್ನೊಂದರಲ್ಲಿ ಅವೆಲ್ಲದರ ಜೊತೆಗೆ ಇಡಿಟಿಎ ಬೇಕಾದ್ದಕ್ಕಿಂತ 1 ಮಿಲಿ ಜಾಸ್ತಿ, ಅದು ನೀಲಿ. ಎರಡನ್ನೂ ನಿಮ್ಮ ಫ್ಲಾಸ್ಕಿನ ಎಡ ಬಲಕ್ಕೆ ಇಡಿ. ನೆನಪಿನಲ್ಲಿರುವ ನೀಲಿಗೆ ಹೋಲಿಸುವುದಕ್ಕೂ ಪಕ್ಕದಲ್ಲೇ ಇರುವ ನೀಲಿಗೆ ಹೋಲಿಸುವುದಕ್ಕೂ ಬಹಳ ವ್ಯತ್ಯಾಸ. ಸೂಚಕ ಗಾಳಿಯಲ್ಲಿ ಮಂಕಾಗುತ್ತದೆ, ಹಾಗಾಗಿ ಬಣ್ಣ ಇಳಿದಂತೆ ಕಂಡರೆ ಸಾಕ್ಷಿ ಫ್ಲಾಸ್ಕನ್ನು ಹೊಸದಾಗಿ ಮಾಡಿಕೊಳ್ಳಿ.

## 3. ಬ್ಲ್ಯಾಂಕ್ ಮೊದಲು

ಭಟ್ಟಿ ಇಳಿಸಿದ ನೀರು 50 ಮಿಲಿ, ಬಫರ್ 1 ಮಿಲಿ, ಸೂಚಕ ಸ್ವಲ್ಪ. ಒಳ್ಳೆಯ ನೀರಾದರೆ ಇದು ಆಗಲೇ ನೀಲಿ, ಇಲ್ಲವೇ ಒಂದೆರಡು ಹನಿ ಇಡಿಟಿಎಗೆ ನೀಲಿಯಾಗುತ್ತದೆ. ಬೇಕಾದಷ್ಟನ್ನು ಬರೆದುಕೊಳ್ಳಿ.

ಬ್ಲ್ಯಾಂಕ್ ನೀಲಿಯಾಗದಿದ್ದರೆ ಮುಂದೆ ಹೋಗಬೇಡಿ. ಇದನ್ನು ನಾನು ಒಮ್ಮೆ ಕಷ್ಟಪಟ್ಟು ಕಲಿತೆ. ಯಾವ ಮಾದರಿ ಹಾಕಿದರೂ ಬಣ್ಣ ಕೊಳಕು ನೇರಳೆಯಲ್ಲೇ ನಿಲ್ಲುತ್ತಿತ್ತು. ಒಂದು ವಾರ ಇಡಿಟಿಎಯನ್ನು ಬೈದುಕೊಂಡು ಎರಡು ಸಲ ಹೊಸದು ಮಾಡಿದೆ. ಕೊನೆಗೆ ಬ್ಲ್ಯಾಂಕ್ ಮಾಡಿ ನೋಡಿದರೆ ಅದೂ ನೇರಳೆ! ನೀರು ಹಿತ್ತಾಳೆಯ ನಲ್ಲಿಯಿಂದ ಬರುತ್ತಿತ್ತು, ತಾಮ್ರ ಸೇರಿಕೊಂಡಿತ್ತು. ತಾಮ್ರ ಸೂಚಕವನ್ನು ಒಮ್ಮೆ ಹಿಡಿದರೆ ಇಡಿಟಿಎಗೆ ಬಿಟ್ಟುಕೊಡುವುದಿಲ್ಲ. ಬಾಟಲಿಯ ನೀರು ಬದಲಿಸಿದ ಕೂಡಲೇ ಎಲ್ಲ ಸರಿಯಾಯಿತು.

## 4. ಇಡಿಟಿಎ ಬಲ ಎಷ್ಟು ಅಂತ ನೋಡುವುದು

ತೂಕ ಸರಿಯಿದ್ದರೂ ಇದನ್ನು ಮಾಡಲೇಬೇಕು. ಕ್ಯಾಲ್ಸಿಯಂ ಸ್ಟ್ಯಾಂಡರ್ಡ್ 10.0 ಮಿಲಿ ಪಿಪೆಟ್‌ನಿಂದ ತೆಗೆದು, ನೀರು ಸೇರಿಸಿ ಸುಮಾರು 50 ಮಿಲಿ ಮಾಡಿ, ಬಫರ್ ಮತ್ತು ಸೂಚಕ ಹಾಕಿ ಟೈಟ್ರೇಟ್ ಮಾಡಿ.

ನನ್ನ ಉದಾಹರಣೆಯಲ್ಲಿ 10.2 ಮಿಲಿ ಬೇಕಾಯಿತು, ಬ್ಲ್ಯಾಂಕ್ 0.1 ಮಿಲಿ. ಉಳಿದದ್ದು 10.1. ಅಂದರೆ 1 ಮಿಲಿ ಇಡಿಟಿಎ 10 ÷ 10.1 = 0.990 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ.

ಮೆಗ್ನೀಸಿಯಂ ಇಲ್ಲದ ಬಫರಿನಿಂದ ಆಗುವ ಪೆಟ್ಟು ಇಲ್ಲೇ ಗೊತ್ತಾಗುವುದು. ಸ್ಟ್ಯಾಂಡರ್ಡ್‌ನಲ್ಲಿ ಇರುವುದು ಬರೀ ಕ್ಯಾಲ್ಸಿಯಂ. ಬಣ್ಣ ಮುಂಚೆಯೇ ಬದಲಾಗಿ, 9.8 ಮಿಲಿಗೇ ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. ಆಗ ಆ ಸಂಖ್ಯೆ 0.990 ಬದಲು 1.031 ಆಗುತ್ತದೆ. ಆಮೇಲೆ ಮಾಡುವ ನೀರಿನಲ್ಲಿ ಸಹಜವಾಗಿಯೇ ಮೆಗ್ನೀಸಿಯಂ ಇರುವುದರಿಂದ ಅಲ್ಲಿ ಬಣ್ಣ ಚೆನ್ನಾಗಿ ತಿರುಗುತ್ತದೆ, ನಿಮಗೆ ಅನುಮಾನವೇ ಬರುವುದಿಲ್ಲ. ಆದರೆ ಪ್ರತಿಯೊಂದು ಉತ್ತರವೂ ಶೇಕಡಾ 4ರಷ್ಟು ಹೆಚ್ಚಾಗಿಯೇ ಬರುತ್ತಿರುತ್ತದೆ.

## 5. ಮಾದರಿಯ ಮೊದಲ ಸುತ್ತು: ಅಂದಾಜಿಗೆ

ಮಾದರಿ 25 ಮಿಲಿ ತೆಗೆದು ಭಟ್ಟಿ ನೀರು ಸೇರಿಸಿ ಸುಮಾರು 50 ಮಿಲಿ ಮಾಡಿ. ನೀರು ತೀರಾ ಗಡಸಾಗಿ 15 ಮಿಲಿಗಿಂತ ಹೆಚ್ಚು ಇಡಿಟಿಎ ಬೇಕಾದರೆ, ಮುಂದಿನ ಸುತ್ತಿಗೆ ಕಡಿಮೆ ಮಾದರಿ ತೆಗೆದುಕೊಳ್ಳಿ.

ಬಫರ್ 1 ಮಿಲಿ ಹಾಕಿ. ಒಮ್ಮೆ ಪಿಎಚ್ ನೋಡಿ, 10ರ ಹತ್ತಿರ ಇರಬೇಕು. ಇಲ್ಲದಿದ್ದರೆ 2 ಮಿಲಿ ಹಾಕಿ. ಆಗಲೂ ಬರದಿದ್ದರೆ ಬಫರ್ ಕೆಟ್ಟಿದೆ ಅಂತಲೇ ಅರ್ಥ.

ಸೂಚಕ 50ರಿಂದ 100 ಮಿಲಿಗ್ರಾಂ ಪುಡಿ ಸಾಕು. ಒಮ್ಮೆ ತೂಗಿ ನೋಡಿ, ಸ್ಪಾಚುಲಾ ತುದಿಯಲ್ಲಿ ಅದು ಎಷ್ಟು ಕಾಣುತ್ತದೆ ಅಂತ ಗುರುತಿಟ್ಟುಕೊಳ್ಳಿ. ಫ್ಲಾಸ್ಕಿನ ಹಿಂದೆ ಇಟ್ಟ ಕಾಗದದ ಅಕ್ಷರ ಓದಲು ಆಗುವಷ್ಟು ತಿಳಿ ಕೆಂಪು ಇರಬೇಕು. ಬಣ್ಣ ಚೆನ್ನಾಗಿ ಕಾಣಲಿ ಅಂತ ಜಾಸ್ತಿ ಸುರಿಯುವವರೇ ಹೆಚ್ಚು. ಆಗ ದ್ರಾವಣ ಮಸಿಯ ಹಾಗೆ ಕಪ್ಪಾಗುತ್ತದೆ, ಕೆಂಪು ಹೋಗಿದ್ದೂ ಕಾಣಲ್ಲ, ನೀಲಿ ಬಂದದ್ದೂ ಕಾಣಲ್ಲ.

ಈ ಸುತ್ತಿನಲ್ಲಿ ಬೇಗ ಬೇಗ ಬಿಟ್ಟು, ನೀಲಿ ಎಲ್ಲಿ ಬರುತ್ತದೆ ಅಂತ ಸುಮಾರಾಗಿ ನೋಡಿ. ನನ್ನ ಮಾದರಿಗೆ 8.5ರಿಂದ 9ರ ನಡುವೆ ಬಂತು. ಇನ್ನೂ 1 ಮಿಲಿ ಬಿಟ್ಟು, ಇದನ್ನೇ ನೀಲಿ ಸಾಕ್ಷಿಯಾಗಿ ಇಟ್ಟುಕೊಳ್ಳಿ.

## 6. ಎರಡನೇ ಸುತ್ತು: ನಿಜವಾದ ಅಳತೆ

ಈಗ ಅಂದಾಜು ಗೊತ್ತು. ಹೊಸ ಮಾದರಿಗೆ ಬಫರ್ ಹಾಕುವ ಮೊದಲೇ 7.5 ಮಿಲಿ ಇಡಿಟಿಎ ಬಿಟ್ಟುಬಿಡಿ. ಆಮೇಲೆ ಬಫರ್, ಆಮೇಲೆ ಸೂಚಕ. ಈ ಕ್ರಮಕ್ಕೆ ಕಾರಣ ಇದೆ. ಪಿಎಚ್ 10ಕ್ಕೆ ಏರಿದ ಕೂಡಲೇ, ಬೈಕಾರ್ಬೊನೇಟ್ ಇರುವ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ನಿಧಾನವಾಗಿ ಗಟ್ಟಿಯಾಗಿ ಬೀಳಲು ಶುರುವಾಗುತ್ತದೆ. ಹೆಚ್ಚಿನ ಕ್ಯಾಲ್ಸಿಯಂ ಅನ್ನು ಇಡಿಟಿಎ ಮೊದಲೇ ಹಿಡಿದಿಟ್ಟಿದ್ದರೆ ಬೀಳಲು ಏನೂ ಉಳಿದಿರುವುದಿಲ್ಲ. ಬಫರ್ ಹಾಕಿದ ಮೇಲೆ 5 ನಿಮಿಷದೊಳಗೆ ಮುಗಿಸಿ.

ಇಲ್ಲಿಂದ ಹನಿ ಹನಿ. ಎಡಗೈಯಲ್ಲಿ ನಲ್ಲಿ, ಬಲಗೈಯಲ್ಲಿ ಫ್ಲಾಸ್ಕ್, ತಿರುಗಿಸುವುದು ನಿಲ್ಲಬಾರದು. ಬಣ್ಣ ಹೀಗೆ ಸಾಗುತ್ತದೆ: ವೈನ್ ಕೆಂಪಿನ ಅಂಚಿನಲ್ಲಿ ಮೊದಲು ಸ್ವಲ್ಪ ಮಬ್ಬು. ಆಮೇಲೆ ನೇರಳೆ. ಆಮೇಲೆ ನೀಲಿಯೇ ಅನ್ನಿಸುವ, ಆದರೆ ಕೆಂಪು ಸಾಕ್ಷಿಯ ಪಕ್ಕ ಹಿಡಿದಾಗ ಇನ್ನೂ ಅದರ ನೆಂಟ ಅಂತ ಗೊತ್ತಾಗುವ ಒಂದು ಬಣ್ಣ. ಕೊನೆಗೆ ಕೆಂಪಿನ ಸುಳಿವೇ ಇಲ್ಲದ ನೀಲಿ.

ಮೋಸ ಮಾಡುವುದು ಮೂರನೆಯದು. ಅದನ್ನು ಒಂಟಿಯಾಗಿ ನೋಡಿದರೆ ಯಾರಾದರೂ 'ನೀಲಿ' ಅಂತಲೇ ಹೇಳುತ್ತಾರೆ. ಅದಕ್ಕೇ ನೇರಳೆ ಶುರುವಾದ ಮೇಲೆ ಪ್ರತಿ ಹನಿಗೂ ಮೊದಲು ಬ್ಯೂರೆಟ್ ರೀಡಿಂಗ್ ಬರೆಯಿರಿ, ಹನಿ ಬಿಡಿ, ಚೆನ್ನಾಗಿ ತಿರುಗಿಸಿ, 3ರಿಂದ 5 ಸೆಕೆಂಡ್ ಕಾಯಿರಿ, ಆಮೇಲೆ ನೋಡಿ. ನನ್ನ ಪುಟ ಹೀಗಿತ್ತು:

- 8.40: ನೇರಳೆ
- 8.45: ನೇರಳೆ, ನೀಲಿಯ ಕಡೆ
- 8.50: ನೀಲಿ? ಕೆಂಪು ಸ್ವಲ್ಪ ಇದೆ
- 8.55: ನೀಲಿ, ಅನುಮಾನ
- 8.60: ನೀಲಿ
- 8.65: ಅದೇ ನೀಲಿ

ಇನ್ನೊಂದು ಹನಿ ಹಾಕಿದರೂ ಬಣ್ಣ ಬದಲಾಗಲಿಲ್ಲ ಅಂದರೆ ಅದರ ಹಿಂದಿನ ರೀಡಿಂಗೇ ಎಂಡ್‌ಪಾಯಿಂಟ್. ಇಲ್ಲಿ 8.60. ಹನಿ ದಾಟುವ ಭಯ ಬೇಡ, ಬರೆದುಕೊಂಡಿದ್ದೀರಲ್ವಾ, ಹಿಂದಕ್ಕೆ ಹೋಗಬಹುದು. ಬರೆಯದೇ ಸುಮ್ನೆ ಬಿಡುತ್ತಾ ಹೋದವರಿಗೇ ಆ ಭಯ, ಮತ್ತು ಆ ಭಯವೇ ಅವರನ್ನು ನೇರಳೆಯಲ್ಲಿ ನಿಲ್ಲಿಸುವುದು.

25 ಮಿಲಿ ಮಾದರಿಯಲ್ಲಿ ಒಂದು ಹನಿ, ಅಂದರೆ 0.05 ಮಿಲಿ, ಲೀಟರಿಗೆ ಸುಮಾರು 2 ಮಿಲಿಗ್ರಾಂ. ಒಂದು ಹನಿ ಹೆಚ್ಚುಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹತ್ತು ಹನಿ ಆದರೆ 20 ಮಿಲಿಗ್ರಾಂ.

## 7. ಬಣ್ಣ ಕೈಕೊಟ್ಟರೆ

ನೀಲಿಯಾಗಿ, ಮತ್ತೆ ಕೆಂಪಾಗುತ್ತದೆ. ಅರ್ಧ ನಿಮಿಷದಲ್ಲಿ ಕೆಂಪು ಮರಳಿದರೆ, ಬಿದ್ದಿದ್ದ ಕಾರ್ಬೊನೇಟ್ ಮತ್ತೆ ಕರಗಿ ಕ್ಯಾಲ್ಸಿಯಂ ಬಿಡುತ್ತಿದೆ. ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ತೆಳುವಾದ ಮಬ್ಬು ಕಾಣಬಹುದು. ಆ ಸುತ್ತನ್ನು ಚೆಲ್ಲಿ. ಬಫರಿಗೆ ಮೊದಲೇ ಇಡಿಟಿಎ ಹಾಕಿದರೂ ಹೀಗಾದರೆ, ಮಾದರಿಗೆ ಸ್ವಲ್ಪ ಆಮ್ಲ ಹಾಕಿ ಒಂದು ನಿಮಿಷ ಕುದಿಸಿ, ಆರಿಸಿ, ಅಮೋನಿಯಾದಿಂದ ಆಮ್ಲ ಕಳೆದು ಆಮೇಲೆ ಮಾಡಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮಾದರಿಯಲ್ಲೂ ಬಣ್ಣ ತಡವಾಗಿ ತಿರುಗುತ್ತದೆ, ಕೋಣೆಯ ಬಿಸಿಗೆ ಬರಲಿ. ಹಾಗಂತ ಬಿಸಿ ಮಾಡಬೇಡಿ, ಬಿಸಿಗೆ ಸೂಚಕ ಕೆಡುತ್ತದೆ.

ನೇರಳೆಯಿಂದ ಮುಂದೆ ಹೋಗುವುದೇ ಇಲ್ಲ. ಬ್ಲ್ಯಾಂಕ್ ಚೆನ್ನಾಗಿ ನೀಲಿಯಾಗಿ, ಮಾದರಿ ಮಾತ್ರ ನಿಂತರೆ, ಮಾದರಿಯಲ್ಲೇ ಬೇರೆ ಲೋಹ ಇದೆ. ಕಬ್ಬಿಣ, ಅಲ್ಯೂಮಿನಿಯಂ ಆದರೆ ಬಫರಿಗೆ ಮೊದಲು ಟ್ರೈಎಥನಾಲ್‌ಅಮೀನ್ ಹಾಕಿದರೆ ಅವು ಸುಮ್ಮನಾಗುತ್ತವೆ. ತಾಮ್ರಕ್ಕೆ ಅದು ಸಾಲದು, ಸೋಡಿಯಂ ಸಲ್ಫೈಡ್ ದ್ರಾವಣ 1 ಮಿಲಿ ಬೇಕಾಗುತ್ತದೆ. ಸಲ್ಫೈಡ್ ಹಾಕಿದ ಫ್ಲಾಸ್ಕಿಗೆ ಆಮ್ಲ ಮಾತ್ರ ತಾಗಿಸಬೇಡಿ, ವಿಷದ ಗಾಳಿ ಬರುತ್ತದೆ. ಹಳೆಯ ವಿಧಾನಗಳಲ್ಲಿ ಸೋಡಿಯಂ ಸಯನೈಡ್ ಹೇಳಿರುತ್ತಾರೆ, ಗಡಸುತನ ನೋಡಲು ಆ ಅಪಾಯ ಮೈಮೇಲೆ ಎಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮಾದರಿಯನ್ನು ಇನ್ನಷ್ಟು ತೆಳು ಮಾಡಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬಣ್ಣ ಎಳೆದಾಡುತ್ತದೆ, ಎಲ್ಲೂ ತಿರುವು ಕಾಣಲ್ಲ. ಪಿಎಚ್ ಇಳಿದಿದೆ, ಇಲ್ಲವೇ ಬಫರಿನಲ್ಲಿ ಮೆಗ್ನೀಸಿಯಂ ಇಲ್ಲ. ಪಿಎಚ್ ತೀರಾ ಇಳಿದು 6ಕ್ಕಿಂತ ಕೆಳಗಿದ್ದರೆ ಸೂಚಕ ಲೋಹವಿಲ್ಲದೆಯೂ ಕೆಂಪಾಗೇ ಇರುತ್ತದೆ. ಆಮ್ಲ ಹಾಕಿ ಸಂಗ್ರಹಿಸಿದ ಮಾದರಿಗೆ 1 ಮಿಲಿ ಬಫರ್ ಸಾಲದೇ ಹೀಗಾಗುವುದುಂಟು. ಫ್ಲಾಸ್ಕಿನೊಳಗಿನ ಪಿಎಚ್ ನೋಡಿ, ಬಾಟಲಿಯೊಳಗಿನದಲ್ಲ.

ಶುರುವಿನಲ್ಲೇ ನೀಲಿ. ನೀರು ಮೆದುವಾಗಿರಬಹುದು, ಬಫರಿನಲ್ಲಿ ಇಡಿಟಿಎ ತೂಕ ಜಾಸ್ತಿಯಾಗಿರಬಹುದು. ಕ್ಯಾಲ್ಸಿಯಂ ಸ್ಟ್ಯಾಂಡರ್ಡ್ ಒಂದೇ ಹನಿ ಹಾಕಿ. ಕೆಂಪಾದರೆ ನೀರು ಮೆದು. ಮೂರ್ನಾಲ್ಕು ಹನಿಗೂ ಕೆಂಪಾಗದಿದ್ದರೆ ಬಫರನ್ನು ಅನುಮಾನಿಸಿ, ಹೊಸದು ಮಾಡಿ.

ಕಿತ್ತಳೆ ಬಣ್ಣ. ಬಫರ್ ಬದಲು ಕ್ಷಾರವನ್ನೇ ಸುರಿದಿದ್ದೀರಿ. ಪಿಎಚ್ 11.5 ದಾಟಿದರೆ ಇಬಿಟಿ ಕಿತ್ತಳೆ.

## 8. ಲೆಕ್ಕ

```
ಗಡಸುತನ (ಮಿಗ್ರಾಂ/ಲೀ) = (ರೀಡಿಂಗ್ − ಬ್ಲ್ಯಾಂಕ್) × ಬಲ × 1000 ÷ ಮಾದರಿಯ ಮಿಲಿ
                    = (8.60 − 0.10) × 0.990 × 1000 ÷ 25
                    = 336.6
```

ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 337 ಮಿಲಿಗ್ರಾಂ. ಭಾಗಿಸುವಾಗ ನೀರು ಸೇರಿಸಿ ಆದ 50 ಮಿಲಿ ಹಾಕಬೇಡಿ, ಪಿಪೆಟ್‌ನಲ್ಲಿ ತೆಗೆದ 25 ಮಿಲಿ ಮಾತ್ರ. ಈ ತಪ್ಪಿಗೆ ಉತ್ತರ ಸರಿಯಾಗಿ ಅರ್ಧ ಬರುತ್ತದೆ.

ಮೂರನೇ ಸುತ್ತು ಮಾಡಿ. ಎರಡೂ ರೀಡಿಂಗ್ 0.1 ಮಿಲಿ ಒಳಗೆ ಸೇರಿದರೆ ಸರಾಸರಿ ತೆಗೆಯಿರಿ. ನನಗೆ ಮೂರನೇ ಸುತ್ತಿನಲ್ಲಿ 8.55 ಬಂತು. ಸರಾಸರಿ 8.575, ಉತ್ತರ 336. ಸೇರದಿದ್ದರೆ ಎರಡರ ಸರಾಸರಿ ಹಾಕಿ ಮುಚ್ಚಿಡಬೇಡಿ. ಪುಟದಲ್ಲಿ ಬರೆದ ಬಣ್ಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಯಾವ ಸುತ್ತಿನಲ್ಲಿ 'ನೀಲಿ, ಅನುಮಾನ' ಅಂತ ಬರೆದು ಅಲ್ಲೇ ನಿಲ್ಲಿಸಿದ್ದೀರಿ ಅಂತ ಕಾಣುತ್ತದೆ. ಆ ಸುತ್ತನ್ನು ಮತ್ತೆ ಮಾಡಿ.